‘ವ’ ಇಡಬೇಕೋ, ‘ಗ’ ಇಡಬೇಕೋ?

ತಂಗಿ ಮನೆಗೆ ಬಂದಾಗ ಫೋನ್ ಮಾಡಿದ್ದು ಯಾರು, ಅವಳೋ ನಾನೋ? ಜಪಾನಿ ಭಾಷೆಯಲ್ಲಿ ಇದನ್ನು ತೀರ್ಮಾನಿಸುವುದು ಒಂದೇ ಒಂದು ಅಕ್ಷರ. ‘ಇಮೋತೊ ವ ಇಎ ನಿ ಕಎತ್ತ ತೊಕಿ, ದೆನ್ವ ಒ ಶಿಮಶಿತ’ ಎಂದರೆ ತಂಗಿ ಮನೆಗೆ ಬಂದಾಗ ತಂಗಿಯೇ ಫೋನ್ ಮಾಡಿದಳು. ‘ವ’ ತೆಗೆದು ‘ಇಮೋತೊ ಗ ಇಎ ನಿ ಕಎತ್ತ ತೊಕಿ’ ಎಂದು ಶುರು ಮಾಡಿ, ಉಳಿದದ್ದನ್ನೆಲ್ಲ ಹಾಗೇ ಬಿಡಿ. ಈಗ ಮನೆಗೆ ಬಂದವಳು ತಂಗಿ, ಫೋನ್ ಮಾಡಿದವರು ಬೇರೆ. ಸಾಮಾನ್ಯವಾಗಿ ಈ ಮಾತನ್ನು ಹೇಳುತ್ತಿರುವವರು. ಎರಡು ವಾಕ್ಯಗಳಲ್ಲೂ ‘ನಾನು’ ಎಂಬ ಪದ ಇಲ್ಲ, ಕ್ರಿಯಾಪದದ ರೂಪ ಬದಲಾಗಿಲ್ಲ. ಕನ್ನಡದಲ್ಲಾದರೆ ‘ಮಾಡಿದೆ’, ‘ಮಾಡಿದಳು’ ಎಂಬ ಕ್ರಿಯಾಪದದ ತುದಿಯೇ ಆ ವಿಷಯವನ್ನು ಹೇಳಿಬಿಡುತ್ತದೆ. ಜಪಾನಿಯ ಕ್ರಿಯಾಪದಕ್ಕೆ ಅಂಥ ತುದಿ ಇಲ್ಲ. ಆ ಭಾರದ ಒಂದು ಪಾಲನ್ನು ‘ವ’ ಮತ್ತು ‘ಗ’ ಹೊರುತ್ತವೆ.

ಜಪಾನಿ ಕಲಿಯುವ ಎಲ್ಲರಿಗೂ ಎದುರಾಗುವ ಅಭ್ಯಾಸ ಇದು: ವಾಕ್ಯದಲ್ಲಿ ಹೆಸರಿನ ಮುಂದೆ ಖಾಲಿ ಕಂಸ, ಅಲ್ಲಿ ‘ವ’ ಅಥವಾ ‘ಗ’ ತುಂಬಬೇಕು. ಬೆಂಗಳೂರಿನಲ್ಲೂ ಕೇಂದ್ರವಿರುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ, ಅದರ ಅತಿ ಕೆಳಗಿನ ಎನ್5 ಮಟ್ಟದಿಂದಲೇ, ಇಂಥ ಪ್ರಶ್ನೆಗಳಿರುತ್ತವೆ. ಪರೀಕ್ಷೆ ಸರಿಯಾದ ಆಯ್ಕೆಯನ್ನಷ್ಟೇ ಕೇಳುತ್ತದೆ. ಒಳ್ಳೆಯ ಶಿಕ್ಷಕರು ಇನ್ನೊಂದನ್ನೂ ಕೇಳುತ್ತಾರೆ: ಯಾಕೆ? ಆ ‘ಯಾಕೆ’ಗೆ ಉತ್ತರ ಬರೆಯುವಾಗಲೇ ನಿಜವಾದ ಕಲಿಕೆ ನಡೆಯುವುದು ಎಂದು ನಾನು ನಂಬಿದ್ದೇನೆ. ಉತ್ತರ ಸರಿಯಾಗಿದ್ದು ಕಾರಣ ತಪ್ಪಾಗಿದ್ದರೆ, ಮುಂದಿನ ಪುಟದಲ್ಲಿ ಉತ್ತರವೂ ತಪ್ಪುತ್ತದೆ.

ಸಾಮಾನ್ಯವಾಗಿ ಬರೆಯುವ ಕಾರಣ ಒಂದೇ: ‘ಇದು ಕರ್ತೃ, ಆದ್ದರಿಂದ ಗ’. ಇದರಿಂದ ಏನೂ ಸಾಬೀತಾಗುವುದಿಲ್ಲ. ಮೇಲಿನ ತಂಗಿಯ ವಾಕ್ಯಗಳೆರಡರಲ್ಲೂ ಮನೆಗೆ ಬಂದವಳು ತಂಗಿಯೇ. ಒಂದರಲ್ಲಿ ‘ವ’ ಇದೆ, ಇನ್ನೊಂದರಲ್ಲಿ ‘ಗ’ ಇದೆ. ಕರ್ತೃವನ್ನು ಗುರುತಿಸಿದ ಮಾತ್ರಕ್ಕೆ ಅಕ್ಷರ ಸಿಗುವುದಿಲ್ಲ. ‘ಗ’ ನಿಜಕ್ಕೂ ಕರ್ತೃವಿನ ಗುರುತು. ‘ವ’ ಬೇರೆ ಜಾತಿಯದು: ‘ಈಗ ನಾನು ಮಾತನಾಡುತ್ತಿರುವುದು ಇದರ ಬಗ್ಗೆ’ ಎಂದು ಕೇಳುವವರಿಗೆ ತೋರಿಸಿಕೊಡುವ ಗುರುತು. ಹಾಗೆ ತೋರಿಸಿದ್ದು ಕರ್ತೃವೂ ಆಗಿರಬಹುದು, ಕರ್ಮವೂ ಆಗಿರಬಹುದು, ‘ಇವತ್ತು’ ಎಂಬ ಕಾಲವೂ ಆಗಿರಬಹುದು. (ಹೊಸಬರಿಗೊಂದು ಎಚ್ಚರಿಕೆ: ಈ ‘ವ’ವನ್ನು ಬರೆಯುವುದು ‘ಹ’ ಅಕ್ಷರದಲ್ಲಿ. 1946ರಲ್ಲಿ ಕಾಗುಣಿತವನ್ನು ಉಚ್ಚಾರಣೆಗೆ ಹತ್ತಿರ ತಂದಾಗಲೂ ಈ ಹಳೆಯ ಬರಹವನ್ನು ಹಾಗೇ ಉಳಿಸಿಕೊಂಡರು. ಕಂಪ್ಯೂಟರಿನಲ್ಲಿ ha ಎಂದು ಟೈಪ್ ಮಾಡಬೇಕು, wa ಎಂದಲ್ಲ.)

ಈಗ ಒಂದು ಅಭ್ಯಾಸವನ್ನೇ ಬಿಡಿಸೋಣ. ಬಿಡಿ ವಾಕ್ಯಗಳ ಪಟ್ಟಿ ಬೇಡ. ಒಂದು ಪುಟ್ಟ ಕಥೆ ಸಾಕು. ಮೊದಲು ಕನ್ನಡದಲ್ಲಿ: ನಿನ್ನೆ ನಮ್ಮ ಮನೆ ಮುಂದೆ ಒಂದು ದೊಡ್ಡ ನಾಯಿ ಇತ್ತು. ಆ ನಾಯಿಗೆ ಕಣ್ಣು ನೀಲಿ. ‘ಯಾರು ಈ ನಾಯಿಯನ್ನು ಕರೆತಂದದ್ದು?’ ಎಂದು ಪಕ್ಕದ ಮನೆಯವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಸಂಜೆ ಒಬ್ಬ ಹುಡುಗ ಓಡಿ ಬಂದ. ‘ನಾನು ಕರೆತಂದದ್ದು. ನಾನು ನೋಡಿದಾಗ ಈ ನಾಯಿ ಮಳೆಯಲ್ಲಿ ಅಳುತ್ತಿತ್ತು’ ಎಂದ.

ಜಪಾನಿಯಲ್ಲಿ, ಖಾಲಿ ಜಾಗಗಳೊಂದಿಗೆ:

ಕಿನೋ, ಉಚಿ ನೊ ಮಎ ನಿ ಓಕೀ ಇನು (1) ಇಮಶಿತ. ಸೊನೊ ಇನು (2) ಮೆ (3) ಅಓಕತ್ತ ದೆಸ್. ತೊನರಿ ನೊ ಹಿತೊ (4) ‘ದರೆ (5) ಕೊನೊ ಇನು ಒ ತ್ಸುರೆತೆ ಕಿಮಶಿತ ಕ’ ತೊ ಕಿಕಿಮಶಿತ. ವತಶಿ (6) ಶಿರಿಮಸೆನ್ ದೆಶಿತ. ಯೂಗತ, ಒತೊಕೊ ನೊ ಕೊ (7) ಹಶಿತ್ತೆ ಕಿಮಶಿತ. ‘ಬೊಕು (8) ತ್ಸುರೆತೆ ಕಿಮಶಿತ. ಬೊಕು (9) ಮಿತ್ಸುಕೆತ ತೊಕಿ, ಕೊನೊ ಇನು (10) ಅಮೆ ನೊ ನಕ ದೆ ನೈತೆ ಇಮಶಿತ.’

‘ಇನು’ ನಾಯಿ, ‘ಮೆ’ ಕಣ್ಣು, ‘ತೊನರಿ ನೊ ಹಿತೊ’ ಪಕ್ಕದ ಮನೆಯವರು, ‘ದರೆ’ ಯಾರು, ‘ಒತೊಕೊ ನೊ ಕೊ’ ಹುಡುಗ. ‘ವತಶಿ’ ಎಂದರೂ ‘ಬೊಕು’ ಎಂದರೂ ನಾನು. ಎರಡನೆಯದು ಹುಡುಗರು ಬಳಸುವ ರೂಪ. ‘ತೊಕಿ’ ಎಂದರೆ ‘ಆಗ’, ನಮ್ಮ ‘ನೋಡಿದಾಗ’ ಎಂಬುದರ ಕೊನೆಯ ತುಂಡು.

ಮೊದಲ ಎರಡು ಜಾಗಗಳನ್ನು ಒಟ್ಟಿಗೆ ನೋಡಬೇಕು. ಒಂದನೆಯದರಲ್ಲಿ ‘ಗ’, ಎರಡನೆಯದರಲ್ಲಿ ‘ವ’. ಕಥೆ ಶುರುವಾಗುವ ಮುಂಚೆ ಕೇಳುವವರ ಮನಸ್ಸಿನಲ್ಲಿ ಯಾವ ನಾಯಿಯೂ ಇಲ್ಲ. ಇಲ್ಲದ ನಾಯಿಯ ‘ಬಗ್ಗೆ’ ಮಾತನಾಡಲು ಆಗುವುದಿಲ್ಲ; ಮೊದಲು ಅದನ್ನು ಅಲ್ಲಿ ತಂದು ನಿಲ್ಲಿಸಬೇಕು. ಆ ಕೆಲಸ ‘ಗ’ದ್ದು. ಒಮ್ಮೆ ನಿಂತ ಮೇಲೆ ಅದು ಇಬ್ಬರಿಗೂ ಗೊತ್ತಿರುವ ನಾಯಿ. ಅಲ್ಲಿಂದ ‘ವ’ ಹಿಡಿದು ಅದರ ಸುದ್ದಿ ಹೇಳಬಹುದು. ಕನ್ನಡದಲ್ಲಿ ನಾವು ಇದೇ ಕೆಲಸವನ್ನು ‘ಒಂದು ನಾಯಿ’, ‘ಆ ನಾಯಿ’ ಎಂದು ಮಾಡುತ್ತೇವೆ. ಜಪಾನಿಯಲ್ಲಿ ‘ಸೊನೊ’ (ಆ) ಇದೆ, ಆದರೆ ಹೊಸದನ್ನು ತರುವಾಗ ‘ಒಂದು’ ಎಂದು ಸೇರಿಸುವ ರೂಢಿ ಇಲ್ಲ. ಆದ್ದರಿಂದ ಕನ್ನಡದಲ್ಲಿ ಯೋಚಿಸುವಾಗ ‘ಒಂದು’, ‘ಒಬ್ಬ’ ಎಂಬ ಪದ ತಾನಾಗಿ ಬಂದರೆ ಅಲ್ಲಿ ‘ಗ’ ಎಂದು ಅನುಮಾನಿಸಬಹುದು. ಏಳನೆಯ ಜಾಗದ ‘ಒಬ್ಬ ಹುಡುಗ’ನಿಗೂ ಇದು ಹೊಂದುತ್ತದೆ.

ಎರಡನೆಯ ಜಾಗದಲ್ಲಿ ‘ಗ’ ಇಟ್ಟಿದ್ದರೆ ಏನಾಗುತ್ತಿತ್ತು? ‘ಸೊನೊ ಇನು ಗ ಮೆ ಗ ಅಓಕತ್ತ ದೆಸ್’ ಎಂಬುದು ವ್ಯಾಕರಣದ ಪ್ರಕಾರ ತಪ್ಪಲ್ಲ. ಆದರೆ ಅದರ ಅರ್ಥ ‘ನೀಲಿ ಕಣ್ಣು ಇದ್ದದ್ದು ಆ ನಾಯಿಗೇ’ ಎಂದಾಗುತ್ತದೆ, ನಾಲ್ಕಾರು ನಾಯಿಗಳ ನಡುವೆ ಬೆರಳಿಟ್ಟು ತೋರಿಸಿದ ಹಾಗೆ. ಈ ಕಥೆಯಲ್ಲಿ ಬೇರೆ ನಾಯಿಗಳೇ ಇಲ್ಲ, ಯಾವ ನಾಯಿ ಎಂದು ಯಾರೂ ಕೇಳಿಲ್ಲ. ಅಭ್ಯಾಸದಲ್ಲಿ ಬರೆಯಬೇಕಾದ ಕಾರಣ ಇಂಥದ್ದು: ಇನ್ನೊಂದು ಅಕ್ಷರ ಇಟ್ಟಿದ್ದರೆ ವಾಕ್ಯ ಯಾವ ಪ್ರಶ್ನೆಗೆ ಉತ್ತರವಾಗುತ್ತಿತ್ತು, ಆ ಪ್ರಶ್ನೆ ಇಲ್ಲಿ ಇದೆಯೋ ಇಲ್ಲವೋ.

ಮೂರನೆಯ ಜಾಗ, ‘ಮೆ’ ಮುಂದೆ, ‘ಗ’. ಇಡೀ ಮಾತು ನಾಯಿಯ ಬಗ್ಗೆ. ಅದರೊಳಗೆ ನೀಲಿಯಾಗಿರುವುದು ಕಣ್ಣು. ಜಪಾನಿ ವ್ಯಾಕರಣದ ಅತ್ಯಂತ ಪ್ರಸಿದ್ಧ ವಾಕ್ಯ ಇದೇ ಅಚ್ಚಿನದು: ‘ಜೋ ವ ಹನ ಗ ನಗೈ’, ಆನೆಗೆ ಸೊಂಡಿಲು ಉದ್ದ. ಮಿಕಮಿ ಅಕಿರ ಎಂಬ ವೈಯಾಕರಣ 1960ರಲ್ಲಿ ತನ್ನ ಪುಸ್ತಕಕ್ಕೆ ಈ ವಾಕ್ಯವನ್ನೇ ಹೆಸರಾಗಿ ಇಟ್ಟರು. ವೃತ್ತಿಯಿಂದ ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಪಾಶ್ಚಾತ್ಯ ವ್ಯಾಕರಣದಿಂದ ಎರವಲು ತಂದ ‘ಕರ್ತೃ’ ಎಂಬ ಕಲ್ಪನೆಯನ್ನೇ ಜಪಾನಿ ಬಿಟ್ಟುಬಿಡಬೇಕು ಎಂದು ಅವರು ವಾದಿಸಿದರು. ಈ ವಾಕ್ಯಕ್ಕೆ ಆನೆ ಕರ್ತೃವೋ, ಸೊಂಡಿಲೋ ಎಂದು ಕೇಳುತ್ತ ಹೊರಟರೆ ದಾರಿ ತಪ್ಪುತ್ತದೆ. ನಮಗೆ ಇದು ಕಷ್ಟವಾಗಬೇಕಿಲ್ಲ. ‘ಆನೆಗೆ ಸೊಂಡಿಲು ಉದ್ದ’, ‘ನನಗೆ ಬೆಕ್ಕು ಇಷ್ಟ’, ‘ಅವಳಿಗೆ ಜಪಾನಿ ಅರ್ಥವಾಗುತ್ತದೆ’ ಎಂದು ಕನ್ನಡಿಗರು ದಿನವೂ ಹೇಳುತ್ತೇವೆ. ಜಪಾನಿಯಲ್ಲಿ ಇವು ‘ಜೋ ವ ಹನ ಗ’, ‘ವತಶಿ ವ ನೆಕೊ ಗ’, ‘ಕನೊಜೊ ವ ನಿಹೊಂಗೊ ಗ’. ನಮ್ಮ ‘ಗೆ’ ಇರುವ ಜಾಗದಲ್ಲಿ ಅವರ ‘ವ’, ನಮ್ಮಲ್ಲಿ ಏನೂ ಹಚ್ಚದ ಪದದ ಮೇಲೆ ಅವರ ‘ಗ’. ಬೆಕ್ಕನ್ನು ಇಂಗ್ಲಿಷಿನ ದಾರಿಯಲ್ಲಿ ಕರ್ಮ ಎಂದುಕೊಂಡು ಅಲ್ಲಿ ‘ಒ’ ಹಚ್ಚುವ ತಪ್ಪು ಬಹಳ ಸಾಮಾನ್ಯ. ಕನ್ನಡದ ದಾರಿ ಹಿಡಿದವರು ಅಲ್ಲಿ ಎಡವಬೇಕಾಗಿಲ್ಲ. ನಮ್ಮ ಊರಿನ ತರಗತಿಗಳಲ್ಲಿ ಇದನ್ನು ಇಂಗ್ಲಿಷಿನ ಮೂಲಕವೇ ಕಲಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ನಾಲ್ಕನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಐದಕ್ಕೆ ಬರೋಣ. ‘ದರೆ’ ಮುಂದೆ ‘ಗ’ ಮಾತ್ರ ಬರಲು ಸಾಧ್ಯ. ಇದು ಕಂಠಪಾಠ ಮಾಡುವ ನಿಯಮವಾಗಿ ಪುಸ್ತಕಗಳಲ್ಲಿರುತ್ತದೆ, ಆದರೆ ಕಾರಣ ಸರಳ: ಯಾರೆಂದು ಗೊತ್ತಿಲ್ಲ ಎಂದೇ ‘ಯಾರು’ ಎಂದು ಕೇಳುತ್ತಿದ್ದೇವೆ, ಗೊತ್ತಿಲ್ಲದವರನ್ನು ಮಾತಿನ ವಿಷಯವಾಗಿ ಮುಂದಿಡುವುದು ಹೇಗೆ? ಪ್ರಶ್ನಾಪದ ವಾಕ್ಯದ ಕೊನೆಗೆ ಹೋದರೆ ಲೆಕ್ಕ ಬದಲಾಗುತ್ತದೆ. ‘ದೊರೆ ಗ ತನಕ-ಸಾನ್ ನೊ ಕಸ ದೆಸ್ ಕ’, ಯಾವುದು ತನಕರ ಕೊಡೆ? ‘ತನಕ-ಸಾನ್ ನೊ ಕಸ ವ ದೊರೆ ದೆಸ್ ಕ’, ತನಕರ ಕೊಡೆ ಯಾವುದು? ಎರಡನೆಯದರಲ್ಲಿ ಕೊಡೆ ಗೊತ್ತಿರುವ ವಿಷಯ, ಆದ್ದರಿಂದ ‘ವ’. ಉತ್ತರವೂ ಪ್ರಶ್ನೆಯ ಅಚ್ಚಿನಲ್ಲೇ ಬರುತ್ತದೆ: ಮೊದಲನೆಯದಕ್ಕೆ ‘ಕೊರೆ ಗ’ (ಇದೇ) ಎಂದು ಶುರುವಾಗುವ ಉತ್ತರ, ಎರಡನೆಯದಕ್ಕೆ ‘ಕೊರೆ ದೆಸ್’ (ಇದು).

ಹಾಗಾಗಿ ಎಂಟನೆಯ ಜಾಗವನ್ನು ಐದನೆಯದು ಆಗಲೇ ತೀರ್ಮಾನಿಸಿಬಿಟ್ಟಿದೆ. ‘ಯಾರು ಕರೆತಂದದ್ದು’ ಎಂಬ ಪ್ರಶ್ನೆ ಗಾಳಿಯಲ್ಲಿದೆ. ಹುಡುಗ ಅದಕ್ಕೆ ಉತ್ತರವಾಗಿ ಬಂದಿದ್ದಾನೆ. ‘ಬೊಕು ಗ ತ್ಸುರೆತೆ ಕಿಮಶಿತ’. ಕನ್ನಡದಲ್ಲಿ ಇಲ್ಲಿ ‘ನಾನು ಕರೆತಂದೆ’ ಎಂದರೆ ಸಪ್ಪೆ. ‘ನಾನು ಕರೆತಂದದ್ದು’ ಅಥವಾ ‘ನಾನೇ ಕರೆತಂದೆ’ ಎನ್ನುತ್ತೇವೆ. ಅಭ್ಯಾಸ ಬಿಡಿಸುವಾಗ ಇದೊಂದು ಒಳ್ಳೆಯ ಪರೀಕ್ಷೆ. ವಾಕ್ಯವನ್ನು ‘…ದ್ದು ಇಂಥವರು’ ಎಂದು ತಿರುಗಿಸಿ ನೋಡಿ. ತಿರುಗಿಸಿದ ವಾಕ್ಯ ಆ ಸಂದರ್ಭಕ್ಕೆ ಒಪ್ಪುವುದಾದರೆ ಅಲ್ಲಿ ‘ಗ’. ‘ವತಶಿ ವ ಸುರೇಶ್ ದೆಸ್’ ಎಂದರೆ ಪರಿಚಯ ಹೇಳಿಕೊಂಡಂತೆ. ‘ವತಶಿ ಗ ಸುರೇಶ್ ದೆಸ್’ ಎಂದರೆ ‘ನೀವು ಕೇಳುತ್ತಿರುವ ಸುರೇಶ್ ನಾನೇ’. ಯಾರೂ ಸುರೇಶನನ್ನು ಹುಡುಕದಿರುವ ಸಭೆಯಲ್ಲಿ ಎರಡನೆಯದನ್ನು ಹೇಳಿದರೆ ಕೇಳಿದವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ಆರನೆಯ ಜಾಗದಲ್ಲಿ ಈ ಪರೀಕ್ಷೆಯ ಬೆಲೆ ಗೊತ್ತಾಗುತ್ತದೆ. ‘ವತಶಿ (6) ಶಿರಿಮಸೆನ್ ದೆಶಿತ’, ನನಗೆ ಗೊತ್ತಿರಲಿಲ್ಲ. ಹಿಂದಿನ ವಾಕ್ಯದಲ್ಲಿ ‘ಯಾರು’ ಎಂಬ ಪ್ರಶ್ನೆ ಇದೆ, ಆದ್ದರಿಂದ ಉತ್ತರದಲ್ಲಿ ‘ಗ’ ಎಂದು ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಪ್ರಶ್ನೆ ‘ಯಾರು ಕರೆತಂದದ್ದು’ ಎಂದಿತ್ತು, ‘ಯಾರಿಗೆ ಗೊತ್ತಿರಲಿಲ್ಲ’ ಎಂದಲ್ಲ. ‘ಗೊತ್ತಿಲ್ಲದೆ ಇದ್ದದ್ದು ನನಗೆ’ ಎಂದು ತಿರುಗಿಸಿದರೆ ಈ ಕಥೆಗೆ ಹೊಂದುವುದೇ ಇಲ್ಲ. ಇಲ್ಲಿ ನಾನು ನನ್ನ ಬಗ್ಗೆ ಹೇಳುತ್ತಿದ್ದೇನೆ, ಆದ್ದರಿಂದ ‘ವ’. ಪ್ರಶ್ನೆ ಇದೆ ಎಂಬುದನ್ನು ನೋಡಿದರೆ ಸಾಲದು, ಈ ವಾಕ್ಯ ಅದೇ ಪ್ರಶ್ನೆಗೆ ಉತ್ತರವೇ ಎಂದು ನೋಡಬೇಕು.

ಏಳನೆಯದು ಆ ಪರೀಕ್ಷೆಯ ಮಿತಿಯನ್ನು ತೋರಿಸುತ್ತದೆ. ‘ಒತೊಕೊ ನೊ ಕೊ ಗ ಹಶಿತ್ತೆ ಕಿಮಶಿತ’, ಒಬ್ಬ ಹುಡುಗ ಓಡಿ ಬಂದ. ‘ಓಡಿ ಬಂದದ್ದು ಹುಡುಗ’ ಎಂದು ತಿರುಗಿಸಿದರೆ ಅರ್ಥ ಕೆಡುತ್ತದೆ. ಓಡಿ ಬಂದದ್ದು ಯಾರು ಎಂದು ಯಾರೂ ಕೇಳಿಲ್ಲ. ಹಾಗಿದ್ದರೂ ಇಲ್ಲಿ ‘ಗ’ವೇ ಬೇಕು. ಅಂದರೆ ‘ಗ’ಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಹಲವರಲ್ಲಿ ಒಬ್ಬರನ್ನು ಆರಿಸಿ ತೋರಿಸುವುದು. ಇನ್ನೊಂದು, ಯಾರನ್ನೂ ಆರಿಸದೆ, ಕಣ್ಣ ಮುಂದೆ ನಡೆದ ಘಟನೆಯನ್ನು ಇಡಿಯಾಗಿ ವರದಿ ಮಾಡುವುದು: ‘ಅಮೆ ಗ ಫುತ್ತೆ ಇಮಸ್’, ಮಳೆ ಬರುತ್ತಿದೆ. ಕುನೊ ಸುಸುಮು ಎಂಬ ಭಾಷಾವಿಜ್ಞಾನಿ 1973ರ ತಮ್ಮ ಪುಸ್ತಕದಲ್ಲಿ ಈ ವ್ಯತ್ಯಾಸವನ್ನು ಖಚಿತವಾಗಿ ಬಿಡಿಸಿಟ್ಟರು. ಅವರ ಪ್ರಕಾರ ‘ವ’ಕ್ಕೂ ಎರಡು ಕೆಲಸ: ವಿಷಯವನ್ನು ಮುಂದಿಡುವುದು ಮತ್ತು ಒಂದನ್ನು ಇನ್ನೊಂದರ ಎದುರು ನಿಲ್ಲಿಸುವುದು.

‘ಗ’ದ ಎರಡು ಕೆಲಸಗಳಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ವಾಕ್ಯದ ಕೊನೆಯನ್ನು ನೋಡಬೇಕು. ಬರುವುದು, ಬೀಳುವುದು, ಇರುವುದು, ಕಾಣಿಸುವುದು ಮುಂತಾದ ಆಗುಹೋಗುಗಳಿದ್ದರೆ ‘ಗ’ ಬರೀ ವರದಿಯಾಗಿರಬಹುದು. ಕೊನೆಯಲ್ಲಿ ಶಾಶ್ವತ ಗುಣ ಇದ್ದರೆ ವರದಿಯ ಅರ್ಥ ಬರುವುದೇ ಇಲ್ಲ. ‘ಇನು ವ ಕಶಿಕೊಯ್ ದೆಸ್’ ಎಂದರೆ ನಾಯಿ ಬುದ್ಧಿವಂತ ಪ್ರಾಣಿ ಎಂಬ ಸಾಮಾನ್ಯ ಮಾತು. ಅಲ್ಲಿ ‘ಗ’ ಇಟ್ಟ ಕೂಡಲೇ ‘ಬುದ್ಧಿವಂತ ಅಂದರೆ ನಾಯಿಯೇ’ ಎಂದು, ಬೆಕ್ಕು ಕುದುರೆಗಳ ನಡುವಿನಿಂದ ನಾಯಿಯನ್ನು ಎತ್ತಿ ಹಿಡಿದಂತಾಗುತ್ತದೆ.

ಒಂಬತ್ತು ಮತ್ತು ಹತ್ತು ಮತ್ತೆ ಜೋಡಿ. ‘ಬೊಕು ಗ ಮಿತ್ಸುಕೆತ ತೊಕಿ, ಕೊನೊ ಇನು ವ…’ ಇಲ್ಲಿ ಹಿಂದಿನ ವಾಕ್ಯದಿಂದ ಉತ್ತರ ಸಿಗುವುದಿಲ್ಲ, ವಾಕ್ಯದ ಕಟ್ಟಡದಿಂದಲೇ ಸಿಗುತ್ತದೆ. ‘ನಾನು ನೋಡಿದಾಗ’ ಎಂಬುದು ದೊಡ್ಡ ವಾಕ್ಯದೊಳಗಿನ ಒಂದು ಚಿಕ್ಕ ಕೋಣೆ. ‘ಗ’ದ ಅಧಿಕಾರ ಆ ಕೋಣೆಯ ಒಳಗೆ ಮಾತ್ರ, ‘ತೊಕಿ’ ಬಂದೊಡನೆ ಅದು ಮುಗಿಯಿತು. ‘ವ’ ಹಾಗಲ್ಲ, ಅದು ವಾಕ್ಯದ ಕೊನೆಯ ಕ್ರಿಯಾಪದದವರೆಗೂ ಚಾಚುತ್ತದೆ. ಒಂಬತ್ತರಲ್ಲಿ ‘ವ’ ಇಟ್ಟರೆ ‘ನೋಡಿದಾಗ ಮಳೆಯಲ್ಲಿ ಅಳುತ್ತಿದ್ದವನು ನಾನು’ ಎಂಬ ದಿಕ್ಕಿಗೆ ವಾಕ್ಯ ಹೊರಡುತ್ತದೆ, ಆಮೇಲೆ ‘ಕೊನೊ ಇನು ವ’ ಬಂದಾಗ ಕೇಳುವವರು ತಡವರಿಸುತ್ತಾರೆ. ಮೊದಲಲ್ಲೇ ಹೇಳಿದ ತಂಗಿಯ ಫೋನಿನ ಗುಟ್ಟೂ ಇದೇ. ‘ಅಮ್ಮ ಮಾಡಿದ ಕೇಕ್’ ಎಂಬಂಥ ವಿಶೇಷಣಗಳಿಗೂ ಇದು ಅನ್ವಯಿಸುತ್ತದೆ: ‘ಹಹ ಗ ತ್ಸುಕುತ್ತ ಕೇಕಿ ವ ಓಯ್ಶೀ ದೆಸ್’. ಕೇಕ್ ರುಚಿಯಾಗಿದೆ ಎಂಬುದು ಮಾತು, ಅಮ್ಮ ಕೋಣೆಯೊಳಗಿದ್ದಾರೆ. ಪರೀಕ್ಷೆಗಳು ಬಿಡಿ ವಾಕ್ಯಗಳಲ್ಲಿ ‘ವ–ಗ’ ಕೇಳುವಾಗ ಇಂಥ ಒಳವಾಕ್ಯಗಳನ್ನು ಆರಿಸುವುದು ಸಹಜ, ಯಾಕೆಂದರೆ ಸಂದರ್ಭ ಕೊಡದೆಯೇ ಉತ್ತರ ಒಂದೇ ಎಂದು ಹೇಳಬಹುದಾದ ಜಾಗಗಳಲ್ಲಿ ಇದೂ ಒಂದು.

ಉಳಿದದ್ದು ನಾಲ್ಕು, ‘ತೊನರಿ ನೊ ಹಿತೊ’. ಇಲ್ಲಿ ಎರಡೂ ಸರಿ. ‘ಗ’ ಇಟ್ಟರೆ ಪಕ್ಕದ ಮನೆಯವರು ಆಗಷ್ಟೇ ಕಥೆಯೊಳಗೆ ಕಾಲಿಟ್ಟರು. ಕೇಳುವವರಿಗೆ ಅವರ ಪರಿಚಯವಿಲ್ಲ. ‘ವ’ ಇಟ್ಟರೆ ‘ಪಕ್ಕದ ಮನೆಯವರು ನಿಮಗೆ ಗೊತ್ತಲ್ಲ, ಅವರು’ ಎಂಬ ಧಾಟಿ. ಎಲ್ಲರಿಗೂ ಪಕ್ಕದ ಮನೆಯವರು ಇರುತ್ತಾರೆ ಎಂಬ ಭರವಸೆಯೂ ಅದಕ್ಕೆ ಸಾಕು. ಇಂಥ ಜಾಗದಲ್ಲಿ ಉತ್ತರಪತ್ರಿಕೆಯಲ್ಲಿ ಒಂದೇ ಅಕ್ಷರ ಅಚ್ಚಾಗಿದ್ದರೆ ದೋಷ ಪ್ರಶ್ನೆಯದ್ದು. ಎರಡು ಉತ್ತರಗಳನ್ನೂ ಬರೆದು, ಒಂದೊಂದಕ್ಕೂ ಕಥೆ ಹೇಗೆ ಬದಲಾಗುತ್ತದೆ ಎಂದು ವಿವರಿಸುವ ವಿದ್ಯಾರ್ಥಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಈ ಹತ್ತು ಜಾಗಗಳಲ್ಲಿ ‘ವ’ದ ಎರಡನೆಯ ಕೆಲಸ, ಎದುರು ನಿಲ್ಲಿಸುವುದು, ಮುಖ ತೋರಿಸಲೇ ಇಲ್ಲ. ಮೂರನೆಯ ಜಾಗದಲ್ಲಿ ‘ಮೆ ವ ಅಓಕತ್ತ’ ಎಂದಿದ್ದರೆ ತೋರಿಸುತ್ತಿತ್ತು: ಕಣ್ಣೇನೋ ನೀಲಿಯೇ, ಉಳಿದದ್ದು ಹಾಗಿಲ್ಲ. ‘ಸಕನ ವ ತಬೆಮಸ್ ಗ, ನಿಕು ವ ತಬೆಮಸೆನ್’, ಮೀನು ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. (ನಡುವಿನ ಆ ‘ಗ’ ಬೇರೆಯದೇ ಪದ, ‘ಆದರೆ’ ಎಂದರ್ಥ; ಅಭ್ಯಾಸದ ಹಾಳೆಯಲ್ಲಿ ಅದನ್ನು ಕಂಡು ಮೋಸಹೋಗಬಾರದು.) ಇಲ್ಲಿ ಎರಡೂ ಬದಿಗಳು ಕಾಣುತ್ತಿವೆ. ತೊಂದರೆ ಬರುವುದು ಒಂದೇ ಬದಿ ಹೇಳಿದಾಗ. ‘ಮೀನಂತೂ ತಿನ್ನುತ್ತೇನೆ’ ಎಂದು ಕನ್ನಡದಲ್ಲಿ ಹೇಳಿದರೆ ಇನ್ನೇನೋ ತಿನ್ನುವುದಿಲ್ಲ ಎಂಬುದು ಕೇಳಿದವರಿಗೆ ತಾನಾಗಿ ಹೊಳೆಯುತ್ತದೆ. ‘ಸಕನ ವ ತಬೆಮಸ್’ ಎಂದಷ್ಟೇ ಹೇಳಿದರೂ ಹಾಗೆಯೇ.

ಈ ನೆರಳು ವ್ಯಾಕರಣವನ್ನು ದಾಟಿ ಮರ್ಯಾದೆಯ ವಿಷಯಕ್ಕೆ ಬರುತ್ತದೆ. ಒಬ್ಬರನ್ನು ಹೊಗಳಲು ‘ಕ್ಯೋ ವ ಕಿರೇ ದೆಸ್ ನೆ’ ಎಂದರೆ ‘ಇವತ್ತು ಚೆನ್ನಾಗಿ ಕಾಣುತ್ತಿದ್ದೀರಿ’ ಎಂಬ ಒಳ್ಳೆಯ ಮಾತು ಎಂದು ಹೇಳಿದವರು ಅಂದುಕೊಂಡಿರುತ್ತಾರೆ. ಕೇಳಿದವರಿಗೆ ‘ಇವತ್ತೇನೋ ಚೆನ್ನಾಗಿ ಕಾಣುತ್ತಿದ್ದೀರಿ’ ಎಂದು, ನಿನ್ನೆ ಮೊನ್ನೆಗಳ ಮೇಲೆ ಟೀಕೆಯಂತೆ ಕೇಳಿಸಬಹುದು. ‘ರ್‍ಯೋರಿ ವ ಜೋಜು ದೆಸ್ ನೆ’, ಅಡುಗೆಯಲ್ಲಿ ಕೈ ಚೆನ್ನಾಗಿದೆ ಎಂಬುದರಲ್ಲೂ ಉಳಿದ ಕೆಲಸಗಳ ಮೇಲೆ ಅದೇ ಅನುಮಾನ ಬೀಳುತ್ತದೆ. ‘ರ್‍ಯೋರಿ ಗ’ ಎಂದರೆ ಆ ಕಹಿ ಇಲ್ಲ. ‘ಕ್ಯೋ’ಗೆ ‘ಗ’ ಹಚ್ಚಿ ಪಾರಾಗಲು ಆಗುವುದಿಲ್ಲ, ಯಾಕೆಂದರೆ ಇಲ್ಲಿ ‘ಇವತ್ತು’ ಕರ್ತೃವಲ್ಲ. ಅಲ್ಲಿ ಬೇಕಾದದ್ದು ಮೂರನೆಯದೊಂದು ಅಕ್ಷರ, ‘ಕೂಡ’ ಎಂಬರ್ಥದ ‘ಮೊ’: ‘ಕ್ಯೋ ಮೊ ಕಿರೇ ದೆಸ್ ನೆ’, ಇವತ್ತೂ ಚೆನ್ನಾಗಿ ಕಾಣುತ್ತಿದ್ದೀರಿ.